ಸಮುದ್ರದಲ್ಲಿ ನಡೆದ ಘಟನೆ ಯಾರ ಕಾನೂನಿಗೆ ಸೇರುತ್ತದೆ? ನಕ್ಷೆಯ ಬಿಂದುವಿನಿಂದ ತೀರ್ಮಾನದವರೆಗೆ, ಹಂತ ಹಂತವಾಗಿ

ಕರಾವಳಿಯಿಂದ ನೂರು ಮೈಲು ಆಚೆ ವಿದೇಶಿ ಹಡಗು ಕಾಣಿಸಿಕೊಂಡಿತು ಎಂಬ ಸುದ್ದಿ ಬಂದರೆ ಹೆಚ್ಚಿನವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. 200 ಮೈಲಿಯವರೆಗೂ ನಮ್ಮ ಸಮುದ್ರವೇ ತಾನೆ, ಹಾಗಾಗಿ ಇದು ಅತಿಕ್ರಮಣ ಎಂದು ಕೆಲವರು ಬರೆಯುತ್ತಾರೆ. 12 ಮೈಲಿ ದಾಟಿದ ಮೇಲೆ ಅಂತಾರಾಷ್ಟ್ರೀಯ ಸಮುದ್ರ, ಅಲ್ಲಿ ಯಾರೂ ಯಾರನ್ನೂ ಕೇಳುವಂತಿಲ್ಲ ಎಂದು ಇನ್ನು ಕೆಲವರು ಬರೆಯುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲೂ ಪತ್ರಿಕೆಯ ತಲೆಬರಹದಲ್ಲೂ ಇವೇ ಎರಡು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ದೂರ ಗೊತ್ತಾದರೆ ಸಾಕು, ಉತ್ತರ ತಾನಾಗಿ ಸಿಗುತ್ತದೆ ಎಂಬ ನಂಬಿಕೆಯೇ ಎರಡಕ್ಕೂ ಮೂಲ. ದೂರ ತಿಳಿದ ಮೇಲೂ ಕೇಳಬೇಕಾದ ಪ್ರಶ್ನೆಗಳಿವೆ, ಅವನ್ನು ಕೇಳುವುದಕ್ಕೂ ಒಂದು ಸರದಿ ಇದೆ. ಆ ಸರದಿಯನ್ನು ಇಲ್ಲಿ ಬಿಡಿಸಿ ಹೇಳಿದೆ.

ಮೊದಲೇ ಒಂದು ಪದದ ಗೊಂದಲ ತೀರಿಸಿಕೊಳ್ಳೋಣ. 200 ಮೈಲಿಯ ವಲಯವನ್ನು ಕನ್ನಡದಲ್ಲಿ ‘ವಿಶೇಷ ಆರ್ಥಿಕ ವಲಯ’ ಎಂದು ಬರೆಯುವವರಿದ್ದಾರೆ. ಆದರೆ ಮಂಗಳೂರಿನ ಕೈಗಾರಿಕಾ ಪ್ರದೇಶಕ್ಕೂ ಅದೇ ಹೆಸರು. ಒಂದು ಕಡೆ ತೆರಿಗೆ ವಿನಾಯಿತಿಯ ಜಮೀನು, ಇನ್ನೊಂದು ಕಡೆ ಸಮುದ್ರ. ಆದ್ದರಿಂದ ಈ ಬರಹದಲ್ಲಿ ಸಮುದ್ರದ ವಲಯಕ್ಕೆ, ಇಂಗ್ಲಿಷಿನ ‘ಎಕ್ಸ್‌ಕ್ಲೂಸಿವ್ ಎಕನಾಮಿಕ್ ಝೋನ್’ ಎಂಬುದರ ಹ್ರಸ್ವರೂಪವಾದ ಇಇಜೆಡ್ ಎಂದೇ ಬಳಸಿದ್ದೇವೆ.

## ಕೈಯಲ್ಲಿ ಇರಬೇಕಾದವು

ಘಟನೆ ನಡೆದ ಸ್ಥಳದ ಅಕ್ಷಾಂಶ–ರೇಖಾಂಶ ಮತ್ತು ಸಮಯ ಬೇಕು. ಆ ಕರಾವಳಿಯ ನೌಕಾಯಾನ ನಕ್ಷೆ ಬೇಕು. ಭಾರತದ ಕರಾವಳಿಗೆ ಇದನ್ನು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುತ್ತದೆ. ಕಾನೂನಿನ ಪಠ್ಯಗಳು ಎರಡು: 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಮತ್ತು ಭಾರತದ 1976ರ ಸಾಗರ ವಲಯಗಳ ಕಾಯ್ದೆ. ಜೊತೆಗೆ ಕೊಸೈನ್ ಲೆಕ್ಕ ಮಾಡಬಲ್ಲ ಯಾವುದಾದರೂ ಕ್ಯಾಲ್ಕುಲೇಟರ್ ಇರಲಿ.

ಎರಡೂ ಪಠ್ಯಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ, ಒಂದರ ಮಾತನ್ನು ಇನ್ನೊಂದರ ಬಾಯಿಗೆ ಹಾಕಬೇಡಿ. ಒಪ್ಪಂದ ಹೇಳುವುದಕ್ಕಿಂತ ಭಾರತದ ಕಾಯ್ದೆ ಕೆಲವೆಡೆ ಒಂದು ಹೆಜ್ಜೆ ಮುಂದೆ ಹೋಗಿದೆ. ವಿವಾದಗಳು ಹುಟ್ಟುವುದೂ ಬಹುಪಾಲು ಆ ಹೆಜ್ಜೆಯ ಮೇಲೆಯೇ.

## ಹಂತ 1: ಬಿಂದುವನ್ನು ಸರಿಯಾಗಿ ಇಡಿ

ಸಮುದ್ರ ಕಾನೂನಿನಲ್ಲಿ ಮೈಲು ಎಂದರೆ ನಾಟಿಕಲ್ ಮೈಲು, ಅಂದರೆ 1,852 ಮೀಟರ್. ರಸ್ತೆಯ ಮೈಲಿ ಸುಮಾರು 1,609 ಮೀಟರ್. 12 ನಾಟಿಕಲ್ ಮೈಲು ಸುಮಾರು 22.2 ಕಿ.ಮೀ., 24 ಮೈಲು 44.4 ಕಿ.ಮೀ., 200 ಮೈಲು 370.4 ಕಿ.ಮೀ. ಆನ್‌ಲೈನ್ ನಕ್ಷೆಯ ಅಳತೆ ಉಪಕರಣದಲ್ಲಿ ಬರೀ ‘ಮೈಲು’ ಆರಿಸಿದರೆ ಅದು ರಸ್ತೆಯ ಮೈಲಿ. ಆಗ ನಿಮ್ಮ 12 ಮೈಲಿಯ ಗೆರೆ ಸುಮಾರು 3 ಕಿ.ಮೀ. ಒಳಗೇ ನಿಂತುಬಿಡುತ್ತದೆ.

ನಿರ್ದೇಶಾಂಕ ಓದುವಾಗ ಆಗುವ ತಪ್ಪು ಇದಕ್ಕಿಂತ ದೊಡ್ಡದು. 14 ಡಿಗ್ರಿ 30 ಮಿನಿಟನ್ನು 14.30 ಎಂದು ಟೈಪ್ ಮಾಡುವವರು ಬಹಳ. ಒಂದು ಡಿಗ್ರಿಗೆ 60 ಮಿನಿಟಾದ್ದರಿಂದ ಅದು 14.50 ಆಗಬೇಕು. ವ್ಯತ್ಯಾಸ 0.20 ಡಿಗ್ರಿ, ಅಂದರೆ 12 ಮಿನಿಟು. ಅಕ್ಷಾಂಶದ ಒಂದು ಮಿನಿಟು ಸುಮಾರು ಒಂದು ನಾಟಿಕಲ್ ಮೈಲು. ಒಂದು ಚುಕ್ಕಿ ತಪ್ಪಿದ್ದಕ್ಕೆ, ದೇಶದ ಸಾರ್ವಭೌಮತ್ವ ನಡೆಯುವ 12 ಮೈಲಿಯ ಪ್ರಾದೇಶಿಕ ಸಮುದ್ರದ ಪೂರ್ತಿ ಅಗಲದಷ್ಟು ದೂರ ಬಿಂದು ಜಾರಿಹೋಯಿತು.

ಮಿನಿಟಿಗೊಂದು ಮೈಲು ಎಂಬ ಲೆಕ್ಕ ಅಕ್ಷಾಂಶಕ್ಕೆ ಮಾತ್ರ ಸರಿ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತಾ ಬರುತ್ತವೆ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಇಲ್ಲಿ ದೂರವನ್ನು ಹೆಚ್ಚಾಗಿ ರೇಖಾಂಶದ ದಿಕ್ಕಿನಲ್ಲೇ ಅಳೆಯಬೇಕಾಗುತ್ತದೆ. ಕಾರವಾರದ ಅಕ್ಷಾಂಶ ಸುಮಾರು 14.8 ಡಿಗ್ರಿ. ಅಲ್ಲಿ ಆಧಾರರೇಖೆಯಿಂದ, ಅಂದರೆ ದೂರ ಅಳೆಯಲು ಶುರುಮಾಡುವ ಗೆರೆಯಿಂದ, ನೇರ ಪಶ್ಚಿಮಕ್ಕೆ 24.5 ಮಿನಿಟು ದೂರದಲ್ಲಿ ಒಂದು ಹಡಗು ಇದೆ ಎನ್ನಿ. ಮಿನಿಟನ್ನು ಹಾಗೇ ಮೈಲು ಎಂದುಕೊಂಡರೆ ಹಡಗು 24 ಮೈಲಿಯ ಗೆರೆ ದಾಟಿದೆ. ಸರಿಯಾದ ಲೆಕ್ಕ ಹೀಗೆ:

```
24.5 × cos(14.8°) = 23.7
```

ಹಡಗು ಗೆರೆಯ ಒಳಗೇ ಇದೆ. ಕಾಗದದ ನಕ್ಷೆಯಲ್ಲಿ ಅಳೆಯುವಾಗಲೂ ಕೈವಾರವನ್ನು ಎಡಬಲದ ಅಂಚಿನ ಅಕ್ಷಾಂಶ ಮಾಪಕದ ಮೇಲೆ, ಬಿಂದು ಇರುವ ಎತ್ತರಕ್ಕೆ ಸರಿಯಾಗಿ ಇಟ್ಟು ನೋಡಬೇಕು. ಮೇಲೆ ಕೆಳಗಿನ ಅಂಚಿನ ರೇಖಾಂಶ ಮಾಪಕದಲ್ಲಿ ನೋಡಬಾರದು.

ಇನ್ನು ಸಮಯ. ಹಡಗುಗಳ ಸ್ವಯಂಚಾಲಿತ ಗುರುತಿನ ಸಂಕೇತದ ದಾಖಲೆಗಳು ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿರುತ್ತವೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದೆ. 15 ನಾಟ್, ಅಂದರೆ ಗಂಟೆಗೆ 15 ನಾಟಿಕಲ್ ಮೈಲು ವೇಗದ ಹಡಗು ಐದೂವರೆ ಗಂಟೆಯಲ್ಲಿ 82 ಮೈಲಿಗೂ ಹೆಚ್ಚು ಸಾಗಿರುತ್ತದೆ. ಸಾಕ್ಷಿ ಹೇಳಿದ ಸಮಯಕ್ಕೂ ದಾಖಲೆಯ ಸ್ಥಳಕ್ಕೂ ತಾಳೆಯೇ ಆಗುತ್ತಿಲ್ಲ, ವ್ಯತ್ಯಾಸ ಐದಾರು ಗಂಟೆಯಷ್ಟಿದೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಗಡಿಯಾರವನ್ನು, ಸಾಕ್ಷಿಯನ್ನಲ್ಲ.

## ಹಂತ 2: ಎಲ್ಲಿಂದ ಅಳೆಯಬೇಕು ಎಂದು ನೋಡಿ

ದಡದಿಂದ ಅಳೆಯುವುದು ಎಂದು ಎಲ್ಲರೂ ಹೇಳುತ್ತಾರೆ, ಆದರೆ ದಡ ದಿನಕ್ಕೆರಡು ಬಾರಿ ಜರುಗುತ್ತದೆ. ಕಾನೂನು ಹಿಡಿಯುವುದು ಇಳಿತದ ರೇಖೆಯನ್ನು: ನೀರು ಇಳಿದಾಗ ಎಲ್ಲಿಯವರೆಗೆ ನೆಲ ಕಾಣುತ್ತದೋ, ಅಧಿಕೃತ ದೊಡ್ಡ ಪ್ರಮಾಣದ ನಕ್ಷೆಯಲ್ಲಿ ಗುರುತು ಮಾಡಿರುವ ಆ ಗೆರೆ. ಇದು ಸಾಮಾನ್ಯ ಆಧಾರರೇಖೆ.

ಕರಾವಳಿ ಆಳವಾಗಿ ಕೊರೆದುಕೊಂಡಿದ್ದರೆ ಅಥವಾ ಅದರ ಉದ್ದಕ್ಕೂ ದ್ವೀಪಗಳ ಸಾಲಿದ್ದರೆ, ಹೊರಚಾಚಿದ ಬಿಂದುಗಳನ್ನು ಸೇರಿಸಿ ನೇರ ಆಧಾರರೇಖೆ ಎಳೆಯಲು ಒಪ್ಪಂದದ 7ನೇ ವಿಧಿ ಅವಕಾಶ ಕೊಡುತ್ತದೆ. ಭಾರತ 2009ರ ಮೇ ತಿಂಗಳಲ್ಲಿ ವಿದೇಶಾಂಗ ಸಚಿವಾಲಯದ ಅಧಿಸೂಚನೆಯ ಮೂಲಕ ತನ್ನ ಆಧಾರರೇಖೆಯ ಬಿಂದುಗಳನ್ನು ನಿರ್ದೇಶಾಂಕ ಸಹಿತ ಘೋಷಿಸಿದೆ. ಹಾಗಾಗಿ ಭಾರತದ ಕರಾವಳಿಯ ಯಾವುದೇ ಘಟನೆಗೂ ಆ ಪಟ್ಟಿಯಲ್ಲಿ ಹತ್ತಿರದ ಎರಡು ಬಿಂದುಗಳನ್ನು ಹುಡುಕಿ, ಅವನ್ನು ಸೇರಿಸಿ, ಆ ಗೆರೆಯಿಂದ ಅಳೆಯಬೇಕು. ಬೀಚಿನಿಂದ ಅಳೆದರೆ ಅಡಿಪಾಯವೇ ತಪ್ಪಿದಂತೆ.

ಆಧಾರರೇಖೆಯ ಒಳಬದಿಯ ನೀರು ಆಂತರಿಕ ಜಲ. ಬಂದರು, ಅಳಿವೆ, ಹಿನ್ನೀರು ಎಲ್ಲ ಇದರಲ್ಲಿ ಬರುತ್ತವೆ. ಅದು ಕಾನೂನಿನ ಕಣ್ಣಿಗೆ ಬಹುಪಾಲು ನೆಲವೇ. ವಿದೇಶಿ ಹಡಗಿಗೆ ಅಲ್ಲಿ ಹಾದುಹೋಗುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ.

ದ್ವೀಪಗಳನ್ನು ಮರೆಯುವುದು ಈ ಹಂತದ ದೊಡ್ಡ ತಪ್ಪು. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲು ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಮುಖ್ಯಭೂಮಿಯಿಂದ ಮಾತ್ರ ಅಳೆಯುವವರ ಲೆಕ್ಕದಲ್ಲಿ ನೇತ್ರಾಣಿ ದಾಟಿ ಎರಡು ಮೈಲಿಗೆ ಪ್ರಾದೇಶಿಕ ಸಮುದ್ರ ಮುಗಿಯುತ್ತದೆ. ಆದರೆ 121ನೇ ವಿಧಿಯಂತೆ ಭರತದ ಸಮಯದಲ್ಲೂ ನೀರಿನ ಮೇಲಿರುವ ಸಹಜ ನೆಲಕ್ಕೆ, ಅದೆಷ್ಟೇ ಚಿಕ್ಕದಿರಲಿ, ತನ್ನದೇ ಪ್ರಾದೇಶಿಕ ಸಮುದ್ರ ಉಂಟು. ದ್ವೀಪದಿಂದ ಪಶ್ಚಿಮಕ್ಕೆ ಮತ್ತೆ 12 ಮೈಲು ಎಣಿಸಬೇಕು. ಮನುಷ್ಯರ ವಾಸಕ್ಕಾಗಲಿ ಸ್ವಂತ ಆರ್ಥಿಕ ಜೀವನಕ್ಕಾಗಲಿ ಆಧಾರವಾಗಲಾರದ ಬಂಡೆಯಾದರೆ ಅದಕ್ಕೆ ಪ್ರಾದೇಶಿಕ ಸಮುದ್ರ ಸಿಗುತ್ತದೆ, 200 ಮೈಲಿಯ ಇಇಜೆಡ್ ಸಿಗುವುದಿಲ್ಲ.

## ಹಂತ 3: ವಲಯದ ಹೆಸರು ಹೇಳಿ, ಅಲ್ಲಿಗೆ ನಿಲ್ಲಬೇಡಿ

ಆಧಾರರೇಖೆಯಿಂದ 12 ಮೈಲಿಯವರೆಗೆ ಪ್ರಾದೇಶಿಕ ಸಮುದ್ರ. 24 ಮೈಲಿಯವರೆಗೆ ಸಂಲಗ್ನ ವಲಯ. 200 ಮೈಲಿಯವರೆಗೆ ಇಇಜೆಡ್. ಅದರಾಚೆಯ ನೀರು ಮುಕ್ತ ಸಮುದ್ರ. ಸಮುದ್ರದ ತಳದ ಲೆಕ್ಕ ಬೇರೆ. ಖಂಡಾವರಣ, ಅಂದರೆ ನೆಲದ ಮುಂದುವರಿಕೆಯಾದ ಸಮುದ್ರತಳ, ಕೆಲವೆಡೆ 200 ಮೈಲಿಗಿಂತ ಮುಂದಕ್ಕೂ ಚಾಚಿರಬಹುದು, ಆದರೆ ಅದು ತಳಕ್ಕೂ ತಳದ ಸಂಪತ್ತಿಗೂ ಮಾತ್ರ ಸಂಬಂಧಿಸಿದ್ದು. ಹಡಗಿನ ಪ್ರಕರಣದಲ್ಲಿ ಅದನ್ನು ಪಕ್ಕಕ್ಕಿಡಿ.

ಈ ದೂರಗಳನ್ನು ಒಂದರ ಮೇಲೊಂದು ಕೂಡುವವರು ಇದ್ದಾರೆ: 12, ಆಮೇಲೆ 24, ಆಮೇಲೆ 200, ಒಟ್ಟು 236 ಎಂದು. ಹಾಗಲ್ಲ. ಎಲ್ಲದಕ್ಕೂ ಆರಂಭ ಒಂದೇ ಗೆರೆ. ಹೀಗಾಗಿ ಸಂಲಗ್ನ ವಲಯದ ಅಗಲ 12 ಮೈಲು ಮಾತ್ರ, ಇಇಜೆಡ್‌ನ ಅಗಲ ಹೆಚ್ಚೆಂದರೆ 188 ಮೈಲು. ಇನ್ನೂ ಮುಖ್ಯವಾದದ್ದು, ಇಇಜೆಡ್ ಶುರುವಾಗುವುದು 24ರಿಂದ ಅಲ್ಲ, 12ರಿಂದ. 12 ಮತ್ತು 24ರ ನಡುವಿನ ನೀರು ಒಂದೇ ಸಮಯಕ್ಕೆ ಎರಡೂ ಹೌದು. ಇದು ಕೊನೆಯ ಹಂತದ ಪ್ರಕರಣದಲ್ಲಿ ಕೆಲಸಕ್ಕೆ ಬರುತ್ತದೆ.

ಎದುರಿಗೆ ಇನ್ನೊಂದು ದೇಶವಿದ್ದರೆ ಪೂರ್ತಿ ದೂರ ಸಿಗುವುದಿಲ್ಲ. ಪಾಕ್ ಜಲಸಂಧಿ ಮತ್ತು ಮನ್ನಾರ್ ಕೊಲ್ಲಿಯ ಕಡೆ ಭಾರತ ಮತ್ತು ಶ್ರೀಲಂಕಾ 1974 ಮತ್ತು 1976ರ ಒಪ್ಪಂದಗಳಲ್ಲಿ ಗೆರೆ ಹಂಚಿಕೊಂಡಿವೆ. ಅಲ್ಲಿ ಕೈವಾರ ಹಿಡಿದು 200 ಮೈಲು ಎಳೆಯುವುದು ವ್ಯರ್ಥ, ಒಪ್ಪಂದದ ಬಿಂದುಗಳನ್ನೇ ನಕ್ಷೆಗೆ ಇಳಿಸಬೇಕು.

## ಹಂತ 4: ವಿಷಯ ಯಾವುದು ಎಂದು ಕೇಳಿ

ಹೆಚ್ಚಿನ ಉತ್ತರಗಳು ಎಡವುವುದು ಇಲ್ಲಿ. ವಲಯ ಎಂದರೆ ಬೇಲಿ ಹಾಕಿದ ಹೊಲ ಎಂದು ಭಾವಿಸಿದರೆ ಪ್ರಾದೇಶಿಕ ಸಮುದ್ರದ ಆಚೆ ಎಲ್ಲವೂ ತಪ್ಪುತ್ತದೆ. 12 ಮೈಲಿಯೊಳಗೆ ಸಾರ್ವಭೌಮತ್ವ ಇದೆ, ನೀರಿನ ಮೇಲೂ ತಳದ ಮೇಲೂ ಮೇಲಿನ ಆಕಾಶದ ಮೇಲೂ. ಅದರಾಚೆ ಕರಾವಳಿ ರಾಷ್ಟ್ರಕ್ಕೆ ಇರುವುದು ನೀರಿನ ಒಡೆತನ ಅಲ್ಲ, ಕೆಲವು ನಿರ್ದಿಷ್ಟ ವಿಷಯಗಳ ಮೇಲಿನ ಹಕ್ಕು.

ಸಂಲಗ್ನ ವಲಯದಲ್ಲಿ ಆ ವಿಷಯಗಳು ನಾಲ್ಕು: ಕಸ್ಟಮ್ಸ್, ತೆರಿಗೆ, ವಲಸೆ, ಆರೋಗ್ಯ ನೈರ್ಮಲ್ಯ. ಅದೂ ತನ್ನ ನೆಲದಲ್ಲಿ ಅಥವಾ ಪ್ರಾದೇಶಿಕ ಸಮುದ್ರದಲ್ಲಿ ಆಗಲಿರುವ ಉಲ್ಲಂಘನೆ ತಡೆಯಲು, ಇಲ್ಲವೇ ಆಗಿಹೋದದ್ದಕ್ಕೆ ಶಿಕ್ಷಿಸಲು. ಭಾರತದ 1976ರ ಕಾಯ್ದೆಯ 5ನೇ ಪ್ರಕರಣ ಇದಕ್ಕೆ ‘ಭದ್ರತೆ’ಯನ್ನೂ ಸೇರಿಸಿದೆ. ಒಪ್ಪಂದದ 33ನೇ ವಿಧಿಯಲ್ಲಿ ಆ ಪದ ಇಲ್ಲ. ಎರಡು ಪಠ್ಯಗಳನ್ನು ಬೇರೆಬೇರೆ ಇಟ್ಟುಕೊಳ್ಳಿ ಎಂದಿದ್ದು ಇದಕ್ಕೇ. ಭಾರತದ ನ್ಯಾಯಾಲಯದಲ್ಲಿ ನಿಲ್ಲುವ ವಾದ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ನಿಲ್ಲಬೇಕೆಂದಿಲ್ಲ.

ಇಇಜೆಡ್‌ನಲ್ಲಿ ಕರಾವಳಿ ರಾಷ್ಟ್ರದ ಹಕ್ಕು ಸಂಪತ್ತಿನ ಮೇಲೆ: ಮೀನು, ತೈಲ, ಅನಿಲ, ಗಾಳಿ ಮತ್ತು ಅಲೆಯಿಂದ ತೆಗೆಯುವ ವಿದ್ಯುತ್. ಇದರ ಜೊತೆಗೆ ಕೃತಕ ದ್ವೀಪ ಮತ್ತು ಸ್ಥಾವರಗಳು, ವೈಜ್ಞಾನಿಕ ಸಂಶೋಧನೆ, ಪರಿಸರ ರಕ್ಷಣೆ ಇವುಗಳ ಮೇಲೆ ಅಧಿಕಾರ. ಉಳಿದವರಿಗೆ ಸಂಚಾರ, ಆಕಾಶದಲ್ಲಿ ಹಾರಾಟ, ಕೇಬಲ್ ಮತ್ತು ಕೊಳವೆ ಹಾಕುವ ಸ್ವಾತಂತ್ರ್ಯ. ಕೇಳಬೇಕಾದ ಪ್ರಶ್ನೆ ಇಷ್ಟೇ: ದೂರಿನ ವಿಷಯ ಮೊದಲ ಪಟ್ಟಿಯಲ್ಲಿದೆಯೇ?

ಈ ಪ್ರಶ್ನೆ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಪ್ರಕರಣ ನೋಡಿ. ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ಧ್ವಜದ ‘ಸೈಗಾ’ ಎಂಬ ಟ್ಯಾಂಕರ್ ಗಿನಿಯ ಸಮುದ್ರದಲ್ಲಿ ಮೀನುಗಾರಿಕಾ ಬೋಟುಗಳಿಗೆ ಡೀಸೆಲ್ ತುಂಬಿಸುತ್ತಿತ್ತು. ಗಿನಿ ತನ್ನ ಕಸ್ಟಮ್ಸ್ ಕಾನೂನನ್ನು ಕರಾವಳಿಯಿಂದ 250 ಕಿ.ಮೀ. ವರೆಗೆ ವಿಸ್ತರಿಸಿಕೊಂಡಿತ್ತು. 1997ರ ಅಕ್ಟೋಬರ್ 28ರಂದು ಗುಂಡು ಹಾರಿಸಿ ಟ್ಯಾಂಕರನ್ನು ಹಿಡಿಯಿತು. ಹ್ಯಾಂಬರ್ಗ್‌ನ ಅಂತಾರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿ 1999ರ ಜುಲೈ 1ರ ತೀರ್ಪಿನಲ್ಲಿ, ಇಇಜೆಡ್‌ನಲ್ಲಿ ಕೃತಕ ದ್ವೀಪ, ಸ್ಥಾವರಗಳಂಥ ಕಡೆ ಬಿಟ್ಟರೆ ಕಸ್ಟಮ್ಸ್ ಕಾನೂನು ಹೇರುವಂತಿಲ್ಲ ಎಂದಿತು. ಗಿನಿ 21,23,357 ಡಾಲರ್ ಪರಿಹಾರವನ್ನು ಬಡ್ಡಿ ಸಹಿತ ಕೊಡಬೇಕಾಯಿತು. ಇದೇ ದೂರನ್ನು ಮೀನುಗಾರಿಕೆಯ ನಿಯಂತ್ರಣದ ಹೆಸರಿನಲ್ಲಿ ತಂದಿದ್ದರೆ ವಾದದ ದಾರಿಯೇ ಬೇರೆ ಇರುತ್ತಿತ್ತು. ಸ್ಥಳ ಅದೇ, ಹಡಗು ಅದೇ, ಬಳಸಿದ ಕಾನೂನು ತಪ್ಪು.

ಮೀನಿನ ವಿಷಯವಾದರೆ ಭಾರತದೊಳಗೆ ಇನ್ನೊಂದು ಗೆರೆಯನ್ನೂ ನೋಡಬೇಕು. ಸಂವಿಧಾನದ 7ನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯದ ವಿಷಯ. ಆದರೆ ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ ಕೇಂದ್ರದ್ದು. ಮಲ್ಪೆಯ ಟ್ರಾಲ್ ಬೋಟು 12 ಮೈಲಿಯೊಳಗೆ ಇರುವಾಗ ಕರ್ನಾಟಕದ 1986ರ ಕಡಲ ಮೀನುಗಾರಿಕೆ ಕಾಯ್ದೆಯಡಿ ಬರುತ್ತದೆ. ಗೆರೆ ದಾಟಿದ ಮೇಲೆ ಕೇಂದ್ರದ ಆದೇಶ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧಕ್ಕೆ ಕೇಂದ್ರವೂ ರಾಜ್ಯವೂ ಪ್ರತ್ಯೇಕ ಆದೇಶ ಹೊರಡಿಸುವುದು ಈ ಕಾರಣಕ್ಕೇ.

## ಹಂತ 5: ಯಾರ ಹಡಗು, ಏನು ಮಾಡುತ್ತಿತ್ತು

ಪ್ರಾದೇಶಿಕ ಸಮುದ್ರದೊಳಗೂ ವಿದೇಶಿ ಹಡಗಿಗೆ ಒಂದು ಹಕ್ಕು ಇದೆ: ನಿರುಪದ್ರವಿ ಸಂಚಾರ. ಅದಕ್ಕೆ ಎರಡು ಪರೀಕ್ಷೆ. ಮೊದಲನೆಯದು, ಅದು ಸಂಚಾರವೇ? ನಿಲ್ಲದೆ, ತಡಮಾಡದೆ ಹೋಗುತ್ತಿರಬೇಕು. ಎಂಜಿನ್ ಕೆಟ್ಟು ಅಥವಾ ಬಿರುಗಾಳಿಗೆ ಸಿಕ್ಕಿ ಲಂಗರು ಹಾಕಿದರೆ ತಪ್ಪಿಲ್ಲ, ಸುಮ್ಮನೆ ಸುತ್ತುತ್ತಿದ್ದರೆ ಅದು ಸಂಚಾರವೇ ಅಲ್ಲ. ಎರಡನೆಯದು, ಅದು ನಿರುಪದ್ರವಿಯೇ? 19ನೇ ವಿಧಿ ಉಪದ್ರವದ ಪಟ್ಟಿ ಕೊಟ್ಟಿದೆ: ಶಸ್ತ್ರಾಭ್ಯಾಸ, ಗೂಢಚರ್ಯೆ, ಮೀನು ಹಿಡಿಯುವುದು, ಸರ್ವೆ, ಬೇಕೆಂದೇ ಮಾಡಿದ ಗಂಭೀರ ಮಾಲಿನ್ಯ ಇತ್ಯಾದಿ. ಜಲಾಂತರ್ಗಾಮಿ ನೀರಿನ ಮೇಲೆ ಬಂದು ಧ್ವಜ ತೋರಿಸಿ ಸಾಗಬೇಕು. ವಿಮಾನಕ್ಕೆ ಈ ಹಕ್ಕೇ ಇಲ್ಲ. 12 ಮೈಲಿಯೊಳಗಿನ ಆಕಾಶಕ್ಕೆ ಅನುಮತಿ ಬೇಕೇ ಬೇಕು.

ವಿದೇಶಿ ಯುದ್ಧನೌಕೆ ಮುಂಚಿತವಾಗಿ ತಿಳಿಸಿ ಬರಬೇಕು ಎನ್ನುವುದು ಭಾರತದ ಕಾಯ್ದೆಯ 4ನೇ ಪ್ರಕರಣ. ಒಪ್ಪಂದದಲ್ಲಿ ಈ ಷರತ್ತು ಇಲ್ಲ. ಇದನ್ನು ಒಪ್ಪದ ದೇಶಗಳಿವೆ, ಅಮೆರಿಕ ಅವುಗಳಲ್ಲಿ ಮುಂದೆ ನಿಲ್ಲುತ್ತದೆ.

12 ಮೈಲಿಯ ಆಚೆ ಸಂಚಾರ ಸ್ವಾತಂತ್ರ್ಯ. ಇದು ನಿರುಪದ್ರವಿ ಸಂಚಾರಕ್ಕಿಂತ ಬಹಳ ವಿಶಾಲ. ನಿಲ್ಲಬಹುದು, ಸುತ್ತಬಹುದು, ಹಿಂದಿರುಗಬಹುದು. ಇಲ್ಲಿ ‘ನಿರುಪದ್ರವಿ ಸಂಚಾರ’ ಎಂಬ ಪದ ಬಳಸಿದ್ದರೆ ಬರೆದವರು ವಲಯ ತಪ್ಪಿದ್ದಾರೆ ಎಂದು ತಿಳಿಯಬಹುದು.

2021ರ ಏಪ್ರಿಲ್ 7ರ ಘಟನೆಯನ್ನು ಈ ಹಂತದಲ್ಲಿಟ್ಟು ನೋಡಿ. ಅಮೆರಿಕದ ಯುದ್ಧನೌಕೆ ‘ಜಾನ್ ಪಾಲ್ ಜೋನ್ಸ್’ ಲಕ್ಷದ್ವೀಪದಿಂದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲು ದೂರದಲ್ಲಿ, ಭಾರತದ ಇಇಜೆಡ್‌ನಲ್ಲಿ, ಅನುಮತಿ ಕೇಳದೆ ಸಂಚಾರ ಸ್ವಾತಂತ್ರ್ಯದ ಕಾರ್ಯಾಚರಣೆ ನಡೆಸಿದೆ ಎಂದು ಅಲ್ಲಿನ ಏಳನೇ ನೌಕಾಬಳಗ ತಾನೇ ಪ್ರಕಟಿಸಿತು. ಕೆಲವು ಕಡೆ ಇದು ‘ಜಲಗಡಿ ಉಲ್ಲಂಘನೆ’ ಎಂದು ಬಂತು. 130 ಮೈಲಿ ಎಂದರೆ ಪ್ರಾದೇಶಿಕ ಸಮುದ್ರ ಮುಗಿದು ನೂರಕ್ಕೂ ಹೆಚ್ಚು ಮೈಲು ಆಚೆ. ಅಲ್ಲಿ ದಾಟಲು ಜಲಗಡಿಯೇ ಇಲ್ಲ. ಹಡಗು ಅಲ್ಲಿಂದ ಹಾದುಹೋದದ್ದಕ್ಕೆ ಭಾರತದ ಅನುಮತಿ ಬೇಕಿರಲಿಲ್ಲ. ವಿದೇಶಾಂಗ ಸಚಿವಾಲಯದ ಪ್ರತಿಕ್ರಿಯೆಯನ್ನು ಎಚ್ಚರದಿಂದ ಓದಿದರೆ ಅದೂ ಹಾದುಹೋಗಲು ಅನುಮತಿ ಬೇಕಿತ್ತು ಎಂದು ಹೇಳಿಲ್ಲ. ಕರಾವಳಿ ರಾಷ್ಟ್ರದ ಒಪ್ಪಿಗೆ ಇಲ್ಲದೆ ಇಇಜೆಡ್‌ನಲ್ಲಿ ಸೇನಾ ಅಭ್ಯಾಸ ಅಥವಾ ಕವಾಯತು, ಅದರಲ್ಲೂ ಶಸ್ತ್ರ ಮತ್ತು ಸ್ಫೋಟಕ ಬಳಸುವಂಥದ್ದು, ನಡೆಸಲು ಒಪ್ಪಂದ ಅಧಿಕಾರ ಕೊಡುವುದಿಲ್ಲ ಎಂಬುದು ಭಾರತದ ನಿಲುವು. 1995ರಲ್ಲಿ ಒಪ್ಪಂದವನ್ನು ಸ್ಥಿರೀಕರಿಸುವಾಗಲೇ ಭಾರತ ಈ ಘೋಷಣೆ ಮಾಡಿತ್ತು. ಅಂಥ ಅಭ್ಯಾಸವೂ ಸ್ವಾತಂತ್ರ್ಯದ ಭಾಗವೇ ಎಂಬುದು ಅಮೆರಿಕದ ನಿಲುವು. ಅಂದಹಾಗೆ ಅಮೆರಿಕ ಈ ಒಪ್ಪಂದದ ಸದಸ್ಯ ಅಲ್ಲ, ಸಂಪ್ರದಾಯದಿಂದ ಬಂದ ಕಾನೂನಿನ ಹೆಸರಿನಲ್ಲಿ ವಾದಿಸುತ್ತದೆ. ಆದ್ದರಿಂದ ಸರಿಯಾದ ವಾಕ್ಯದಲ್ಲಿ ಎರಡು ಭಾಗ ಇರಬೇಕು: ಸಂಚಾರದ ಬಗ್ಗೆ ವಿವಾದ ಇಲ್ಲ, ಸೇನಾ ಅಭ್ಯಾಸದ ಬಗ್ಗೆ ಇದೆ.

## ಹಂತ 6: ಹಡಗನ್ನು ತಡೆಯಬಹುದೇ, ತಡೆದರೆ ಎಷ್ಟು ದೂರ

ತಪ್ಪು ಆಗಿದೆ ಎಂಬುದೂ ತಡೆಯುವ ಅಧಿಕಾರ ಇದೆ ಎಂಬುದೂ ಒಂದೇ ಅಲ್ಲ. ಪ್ರಾದೇಶಿಕ ಸಮುದ್ರದಲ್ಲಿ ಹಾದುಹೋಗುತ್ತಿರುವ ವಿದೇಶಿ ಹಡಗಿನೊಳಗೆ ಇಬ್ಬರು ನಾವಿಕರು ಹೊಡೆದಾಡಿಕೊಂಡರೆ ಪೊಲೀಸರು ಹತ್ತಬಾರದು ಎನ್ನುತ್ತದೆ 27ನೇ ವಿಧಿ. ಅಪರಾಧದ ಪರಿಣಾಮ ದಡಕ್ಕೆ ತಟ್ಟಿದರೆ, ಶಾಂತಿಗೆ ಭಂಗ ಬಂದರೆ, ಕ್ಯಾಪ್ಟನ್ ಅಥವಾ ರಾಯಭಾರ ಕಚೇರಿ ನೆರವು ಕೇಳಿದರೆ, ಮಾದಕ ವಸ್ತುವಿನ ಸಾಗಣೆ ತಡೆಯಬೇಕಾದರೆ ಆಗ ಹತ್ತಬಹುದು. ಬಂದರಿನಿಂದ ಹೊರಟು ಬರುತ್ತಿರುವ ಹಡಗಾದರೆ ಅಧಿಕಾರ ಹೆಚ್ಚು.

ಓಡುವ ಹಡಗನ್ನು ಬೆನ್ನಟ್ಟುವುದಕ್ಕೆ 111ನೇ ವಿಧಿಯ ಷರತ್ತುಗಳು ಬಿಗಿಯಾಗಿವೆ. ಯಾವ ವಲಯದ ಹಕ್ಕಿಗೆ ಭಂಗ ಬಂದಿದೆಯೋ ಆ ವಲಯದಲ್ಲೇ ಬೆನ್ನಟ್ಟುವಿಕೆ ಶುರುವಾಗಬೇಕು. ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವಷ್ಟು ಹತ್ತಿರದಿಂದ ನಿಲ್ಲುವಂತೆ ಸಂಕೇತ ಕೊಟ್ಟಿರಬೇಕು. ನಡುವೆ ಕಡಿದುಹೋಗಬಾರದು. ಹಡಗು ತನ್ನ ದೇಶದ ಅಥವಾ ಮೂರನೇ ದೇಶದ ಪ್ರಾದೇಶಿಕ ಸಮುದ್ರ ಹೊಕ್ಕ ಕ್ಷಣ ಹಕ್ಕು ಮುಗಿಯಿತು. ‘ಸೈಗಾ’ ಪ್ರಕರಣದಲ್ಲಿ ಗಿನಿ ಇಲ್ಲೂ ಸೋತಿತು. ಸಂಕೇತ ಕೊಟ್ಟದ್ದಕ್ಕೆ ಪುರಾವೆ ಇರಲಿಲ್ಲ, ಬೆನ್ನಟ್ಟುವಿಕೆ ನಡುವೆ ನಿಂತಿತ್ತು. ವರದಿಯಲ್ಲಿ ಸಂಕೇತದ ಸಮಯ, ಸ್ಥಳ ಬರೆದಿಲ್ಲ ಎಂದರೆ ಬಂಧನ ದುರ್ಬಲ ಎಂದೇ ತಿಳಿಯಿರಿ.

ಹಿಡಿದ ಮೇಲಿನ ಶಿಕ್ಷೆಗೂ ವಲಯ ಮುಖ್ಯ. ಇಇಜೆಡ್‌ನಲ್ಲಿ ಅಕ್ರಮವಾಗಿ ಮೀನು ಹಿಡಿದ ವಿದೇಶಿ ಮೀನುಗಾರರಿಗೆ, ಆ ದೇಶದೊಂದಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ, ಜೈಲು ಶಿಕ್ಷೆ ಕೊಡುವಂತಿಲ್ಲ ಎನ್ನುತ್ತದೆ 73ನೇ ವಿಧಿ. ಸೂಕ್ತ ಭದ್ರತಾ ಠೇವಣಿ ಕೊಟ್ಟರೆ ಬೋಟನ್ನೂ ಜನರನ್ನೂ ಬೇಗ ಬಿಡಬೇಕು. ವಿದೇಶಿ ಮೀನುಗಾರಿಕಾ ಹಡಗುಗಳ ಬಗೆಗಿನ ಭಾರತದ 1981ರ ಕಾಯ್ದೆಯೂ ಇದಕ್ಕೆ ತಕ್ಕಂತೆ ಇದೆ: ಅಕ್ರಮ ಮೀನುಗಾರಿಕೆಗೆ ಪ್ರಾದೇಶಿಕ ಜಲದಲ್ಲಾದರೆ ಜೈಲು, ಇಇಜೆಡ್‌ನಲ್ಲಾದರೆ ದಂಡ. ಹಂತ 1ರಲ್ಲಿ ಒಂದು ಮೈಲು ತಪ್ಪಿದರೂ ಯಾರದ್ದೋ ಜೈಲುವಾಸದ ಪ್ರಶ್ನೆ ಅದು.

## ಹಂತ 7: ಒಂದು ಪ್ರಕರಣವನ್ನು ಪೂರ್ತಿ ಬಿಡಿಸಿ ನೋಡಿ

2012ರ ಫೆಬ್ರುವರಿ 15. ಇಟಲಿಯ ಧ್ವಜದ ತೈಲ ಟ್ಯಾಂಕರ್ ‘ಎನ್ರಿಕಾ ಲೆಕ್ಸಿ’ ಕೇರಳದ ಕರಾವಳಿಯ ಆಚೆ ಸಾಗುತ್ತಿತ್ತು. ಕಡಲ್ಗಳ್ಳರಿಂದ ರಕ್ಷಣೆಗೆಂದು ಇಟಲಿಯ ನೌಕಾಪಡೆಯ ಯೋಧರು ಅದರ ಮೇಲಿದ್ದರು. ಹತ್ತಿರ ಬಂದ ‘ಸೇಂಟ್ ಆಂಟನಿ’ ಎಂಬ ಮೀನುಗಾರಿಕಾ ಬೋಟನ್ನು ಕಡಲ್ಗಳ್ಳರದ್ದೆಂದು ಭಾವಿಸಿ ಗುಂಡು ಹಾರಿಸಿದರು. ಬೋಟಿನಲ್ಲಿದ್ದ ಇಬ್ಬರು ಮೀನುಗಾರರು ಸತ್ತರು. ಸ್ಥಳ ಕರಾವಳಿಯಿಂದ ಸುಮಾರು 20.5 ನಾಟಿಕಲ್ ಮೈಲು.

ಮೊದಲ ಮೂರು ಹಂತಗಳು ಇಲ್ಲಿ ಬೇಗ ಮುಗಿಯುತ್ತವೆ. 20.5 ಮೈಲು ಎಂದರೆ ಸುಮಾರು 38 ಕಿ.ಮೀ. ಪ್ರಾದೇಶಿಕ ಸಮುದ್ರ ದಾಟಿ 8.5 ಮೈಲು ಆಚೆ, 24ರ ಒಳಗೆ. ಸಂಲಗ್ನ ವಲಯವೂ ಹೌದು, ಇಇಜೆಡ್ ಕೂಡ ಹೌದು.

ನಾಲ್ಕನೇ ಹಂತದಲ್ಲಿ ವಿಷಯ ಕೊಲೆ. ಅದು ಕಸ್ಟಮ್ಸ್ ಅಲ್ಲ, ವಲಸೆ ಅಲ್ಲ, ಮೀನು ಅಲ್ಲ. ವಲಯದ ಹಕ್ಕಿನ ಯಾವ ಪಟ್ಟಿಯಲ್ಲೂ ಇಲ್ಲ. ಮೊದಲು ಪ್ರಕರಣ ದಾಖಲಿಸಿದ್ದು ಕೇರಳ ಪೊಲೀಸರು. ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು, ರಾಜ್ಯದ ಅಧಿಕಾರ 12 ಮೈಲಿಗೆ ನಿಲ್ಲುತ್ತದೆ, ಆಚೆ ನಡೆದದ್ದನ್ನು ಕೇಂದ್ರವೇ ವಿಶೇಷ ನ್ಯಾಯಾಲಯದ ಮೂಲಕ ನಡೆಸಬೇಕು ಎಂದಿತು. ಕೇಂದ್ರದ ಆಧಾರ 1981ರ ಆಗಸ್ಟ್ 27ರ ಅಧಿಸೂಚನೆ. ಭಾರತೀಯ ದಂಡ ಸಂಹಿತೆಯನ್ನು ಇಇಜೆಡ್‌ಗೆ ವಿಸ್ತರಿಸಿದ್ದು ಅದು. ಇದು ದೇಶದೊಳಗಿನ ಪಠ್ಯದ ಉತ್ತರ.

ಐದನೇ ಹಂತದಲ್ಲಿ ಅಂತಾರಾಷ್ಟ್ರೀಯ ಪಠ್ಯ ತೆರೆಯಬೇಕು. ಇಇಜೆಡ್‌ನಲ್ಲಿ ಹಡಗಿನ ಮೇಲಿನ ಅಧಿಕಾರ ಸಾಮಾನ್ಯವಾಗಿ ಅದರ ಧ್ವಜ ರಾಷ್ಟ್ರದ್ದು, ಅಂದರೆ ಅದು ನೋಂದಣಿಯಾದ ದೇಶದ್ದು. ಇಟಲಿ ಹಿಡಿದದ್ದು 97ನೇ ವಿಧಿಯನ್ನು: ಡಿಕ್ಕಿ ಅಥವಾ ನೌಕಾಯಾನದ ಬೇರೆ ಅವಘಡವಾದರೆ ಹೊಣೆಗಾರನ ಮೇಲೆ ಕ್ರಮ ಜರುಗಿಸುವುದು ಅವನ ಹಡಗಿನ ಧ್ವಜ ರಾಷ್ಟ್ರ ಅಥವಾ ಅವನ ಪೌರತ್ವದ ರಾಷ್ಟ್ರ ಮಾತ್ರ. ಹೇಗ್‌ನ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯದ ಆಶ್ರಯದಲ್ಲಿ ಕುಳಿತ ನ್ಯಾಯಮಂಡಳಿ 2020ರ ಮೇ 21ರ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಗುಂಡು ಹಾರಿಸುವುದು ನೌಕಾಯಾನದ ಅವಘಡ ಅಲ್ಲ. ಅಪರಾಧ ಇಟಲಿಯ ಹಡಗಿನಲ್ಲಿ ಶುರುವಾಗಿ ಭಾರತದ ಬೋಟಿನಲ್ಲಿ ಮುಗಿಯಿತು, ಆದ್ದರಿಂದ ಎರಡೂ ದೇಶಗಳಿಗೆ ಅಧಿಕಾರ ಇತ್ತು ಎಂದಿತು. ಗಮನಿಸಿ, ಅಧಿಕಾರ ಬಂದದ್ದು ಸಂಲಗ್ನ ವಲಯದಿಂದ ಅಲ್ಲ, ಬೋಟಿನಿಂದ. ಇದೇ ಘಟನೆ 250 ಮೈಲು ದೂರದಲ್ಲಿ ಆಗಿದ್ದರೂ ಆ ತರ್ಕ ನಿಲ್ಲುತ್ತಿತ್ತು.

ಸಂಚಾರ ಸ್ವಾತಂತ್ರ್ಯದ ಪ್ರಶ್ನೆಯಲ್ಲಿ ಗೆದ್ದದ್ದು ಭಾರತ. ಆ ಸ್ವಾತಂತ್ರ್ಯ ಟ್ಯಾಂಕರ್‌ಗೆ ಎಷ್ಟು ಇತ್ತೋ ಮೀನುಗಾರಿಕಾ ಬೋಟಿಗೂ ಅಷ್ಟೇ ಇತ್ತು. ಗುಂಡು ಹಾರಿಸಿದ್ದರಿಂದ ಬೋಟು ದಾರಿ ಬದಲಿಸಿ ಬಂದರಿಗೆ ಮರಳಬೇಕಾಯಿತು, ಹೀಗೆ ಇಟಲಿ 87 ಮತ್ತು 90ನೇ ವಿಧಿಗಳನ್ನು ಮುರಿಯಿತು ಎಂದು ತೀರ್ಪು ಹೇಳಿತು. ಸಂಚಾರ ಸ್ವಾತಂತ್ರ್ಯ ಎಂದರೆ ದೊಡ್ಡ ದೇಶಗಳ ಯುದ್ಧನೌಕೆಗಳ ಮಾತು ಎಂದುಕೊಂಡವರು ಈ ಭಾಗವನ್ನು ಎರಡು ಸಲ ಓದಬೇಕು.

ಆದರೂ ಯೋಧರ ವಿಚಾರಣೆ ಭಾರತದಲ್ಲಿ ನಡೆಯಲಿಲ್ಲ. ಅವರು ಸರ್ಕಾರಿ ಕರ್ತವ್ಯದಲ್ಲಿದ್ದ ಅಧಿಕಾರಿಗಳಾದ್ದರಿಂದ ವಿದೇಶಿ ನ್ಯಾಯಾಲಯದಿಂದ ರಕ್ಷಣೆ ಇದೆ ಎಂದು ಐವರಲ್ಲಿ ಮೂವರು ಮಧ್ಯಸ್ಥರು ತೀರ್ಮಾನಿಸಿದರು. ಅಧಿಕಾರ ಇದೆ, ಆದರೆ ಈ ವ್ಯಕ್ತಿಗಳ ಮೇಲೆ ಅದನ್ನು ಚಲಾಯಿಸುವಂತಿಲ್ಲ. ವಲಯದ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಈ ಉತ್ತರ ಸಿಗುವುದಿಲ್ಲ. ಆದ್ದರಿಂದ ಹಡಗಿನ ಮೇಲೆ ಸರ್ಕಾರಿ ಸಮವಸ್ತ್ರದವರು ಇದ್ದಾರೆಯೇ ಎಂಬುದನ್ನು ಐದನೇ ಹಂತದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಪರಿಹಾರದ ಹಕ್ಕು ಭಾರತಕ್ಕೆ ಸಿಕ್ಕಿತು. ಮೊತ್ತ 10 ಕೋಟಿ ರೂಪಾಯಿ ಎಂದು ಇತ್ಯರ್ಥವಾಯಿತು: ಸತ್ತ ಇಬ್ಬರ ಕುಟುಂಬಗಳಿಗೆ ತಲಾ 4 ಕೋಟಿ, ಬೋಟಿನ ಮಾಲೀಕರಿಗೆ 2 ಕೋಟಿ. ಹಣ ಠೇವಣಿಯಾದ ಮೇಲೆ, 2021ರ ಜೂನ್ 15ರಂದು, ಸುಪ್ರೀಂ ಕೋರ್ಟ್ ಭಾರತದಲ್ಲಿದ್ದ ಪ್ರಕರಣವನ್ನು ರದ್ದು ಮಾಡಿತು.